ಎಂಬತ್ತರ ಅಜ್ಜನ ಮುಂದೆ ಯಾವ ಜೋಕು ಹೇಳಬೇಕು?

ಪ್ರಶ್ನೆ: ನಮ್ಮಜ್ಜನಿಗೆ ಮುಂದಿನ ತಿಂಗಳು ಎಂಬತ್ತು ತುಂಬುತ್ತೆ. 1946ರಲ್ಲಿ ಹುಟ್ಟಿದವರು, ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ದುಡಿದವರು. ಅಜ್ಜಿ ಏಳು ವರ್ಷ ಚಿಕ್ಕವರು, ಚನ್ನಗಿರಿ ಕಡೆಯ ಹಳ್ಳಿಯವರು. 1971ರಲ್ಲಿ ಮದುವೆ. ಮನೆಯಲ್ಲೇ ಕಾರ್ಯಕ್ರಮ, ಅರವತ್ತು ಜನ ಬರ್ತಾರೆ. ಹತ್ತು ನಿಮಿಷ ನಾನು ಮಾತಾಡಿ ನಗಿಸಬೇಕಂತೆ. ಯುಗಾದಿಗೆ ಮೊಬೈಲಲ್ಲಿ ನೋಡಿದ ಒಂದು ಜೋಕು ಹೇಳಿದ್ದೆ. ಮೊಮ್ಮಕ್ಕಳೆಲ್ಲ ನಕ್ಕೆವು, ಅಜ್ಜ ಸುಮ್ನೆ ನಮ್ಮ ಮುಖ ನೋಡಿದರು. ಈಗ ತಮ್ಮಂದಿರು "ಅಜ್ಜನ್ನ ರೋಸ್ಟ್ ಮಾಡೋಣ" ಅಂತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ. ಅಜ್ಜ ಅಜ್ಜಿಗೂ ಹಿಡಿಸಬೇಕು, ಸಣ್ಣ ಹುಡುಗರಿಗೂ ಅರ್ಥ ಆಗಬೇಕು. ಯಾವ ತರದ ಜೋಕು ಆರಿಸಲಿ?

ಉತ್ತರ: ಜೋಕು ಹುಡುಕುವುದನ್ನು ಇವತ್ತೇ ಬಿಡಿ. ನಿಮಗೆ ಬೇಕಾಗಿರುವುದು ಅಜ್ಜನ ಹತ್ತಿರವೇ ಇದೆ. ಒಂದು ತಿಂಗಳು ಟೈಮಿದೆ, ಅದು ಧಾರಾಳ ಸಾಕು. ಅಲ್ಲಿಂದ ಅದನ್ನು ಹೇಗೆ ಎತ್ತಿಕೊಳ್ಳುವುದು, ಎತ್ತಿಕೊಂಡದ್ದರಲ್ಲಿ ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು ಅನ್ನುವುದನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಕಿವಿ ಪರೀಕ್ಷೆ ಮಾಡುವುದು ನನ್ನ ಕಸುಬು. ಅದರ ಜೊತೆಗೆ ಚಿತ್ರದುರ್ಗದಲ್ಲಿ ವಾರಕ್ಕೊಮ್ಮೆ ಹಿರಿಯರನ್ನು ಕೂರಿಸಿಕೊಂಡು ಹಳೆಯ ಮಾತು ಆಡಿಸುತ್ತೇನೆ. ಈ ಎರಡೂ ಕೆಲಸ ನಿಮ್ಮ ಪ್ರಶ್ನೆಗೆ ಬೇಕಾಗುತ್ತವೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ವಯಸ್ಸಾದವರನ್ನು ಕೂರಿಸಿಕೊಂಡು "ನಿಮ್ಮ ಜೀವನದಲ್ಲಿ ಏನೇನು ನೆನಪಿದೆ" ಅಂತ ಕೇಳಿದರೆ, ನೆನಪುಗಳು ಎಲ್ಲಾ ವರ್ಷಗಳಿಂದ ಸಮವಾಗಿ ಬರುವುದಿಲ್ಲ. ಹತ್ತರಿಂದ ಮೂವತ್ತು ವಯಸ್ಸಿನ ನಡುವಿನವು ರಾಶಿ ರಾಶಿ ಬರುತ್ತವೆ. ಅದರಲ್ಲೂ ಹದಿನೈದರಿಂದ ಇಪ್ಪತ್ತೈದರವು ಜಾಸ್ತಿ. ಮನಶ್ಶಾಸ್ತ್ರದವರು ಇದನ್ನು ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ಮೊದಲ ಸಂಬಳ, ಮೊದಲ ಸಲ ಒಬ್ಬರೇ ರೈಲು ಹತ್ತಿದ್ದು, ಮದುವೆ, ಎಲ್ಲವೂ ಅದೇ ವಯಸ್ಸಿನಲ್ಲಿ ಆಗುತ್ತವೆ ಅಲ್ವಾ? ಹುಟ್ಟಿದ ವರ್ಷಕ್ಕೆ ಹದಿನೈದು ಸೇರಿಸಿ, ಆಮೇಲೆ ಇಪ್ಪತ್ತೈದು ಸೇರಿಸಿ. ನಿಮ್ಮ ಅಜ್ಜನಿಗೆ ಅದು 1961ರಿಂದ 1971. ಅಜ್ಜಿಗೆ 1968ರಿಂದ 1978. ನೀವು ಆರಿಸುವ ಹೆಸರು, ವಸ್ತು, ಘಟನೆ ಈ ಹತ್ತು ವರ್ಷದೊಳಗೆ ಅಥವಾ ಅದರ ಆಚೀಚೆ ಬಿದ್ದರೆ ಅಜ್ಜನಿಗೆ ವಿವರಣೆ ಬೇಕಾಗುವುದಿಲ್ಲ. ಹೊರಗೆ ಬಿದ್ದರೆ ಬೇಕಾಗುತ್ತದೆ. ವಿವರಣೆ ಕೊಟ್ಟಮೇಲೆ ನಗು ಬರುವುದು ಕಡಿಮೆ.

"ಹಳೇ ಕಾಲದ್ದು" ಅಂತ ಮೊಮ್ಮಕ್ಕಳು ಹಿಡಿದುಕೊಂಡು ಬರುವುದು ಎಷ್ಟೋ ಸಲ ಅಜ್ಜನ ಕಾಲದ್ದೇ ಆಗಿರುವುದಿಲ್ಲ. ಟೀವಿಯಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ರಾಮಾಯಣವನ್ನೇ ತಗೊಳ್ಳಿ. ಅದು ಬಂದದ್ದು 1987–88ರಲ್ಲಿ. ಆಗ ನಿಮ್ಮಜ್ಜನಿಗೆ ನಲವತ್ತು ದಾಟಿತ್ತು. ಅದು ನಿಮ್ಮಪ್ಪ, ಚಿಕ್ಕಪ್ಪನವರ ನೆನಪು. ಇಡೀ ಓಣಿ ಒಂದೇ ಟೀವಿ ಮುಂದೆ ಕೂತ ಕತೆ ಹೇಳಿದರೆ ಅವರು ನಗುತ್ತಾರೆ. ಅಜ್ಜ "ಹೂಂ, ಹೌದು" ಅನ್ನುತ್ತಾರೆ, ಅಷ್ಟೇ.

ವರ್ಷ ಗೊತ್ತಾದ ಮೇಲೆ ಆ ವರ್ಷದ ವಸ್ತು ಹಿಡಿಯಿರಿ. ಘಟನೆಗಿಂತ ವಸ್ತು ಒಳ್ಳೆಯದು. "ನಿಮ್ಮ ಕಾಲದಲ್ಲಿ ಹೇಗಿತ್ತು ಅಜ್ಜ?" ಅಂತ ಕೇಳಿದರೆ "ಎಲ್ಲಾ ಕಷ್ಟ ಇತ್ತು" ಅನ್ನುವ ಒಂದೇ ಉತ್ತರ ಬರುತ್ತದೆ. ನಾನು ಮೊದಮೊದಲು ಹಾಗೇ ಕೇಳುತ್ತಿದ್ದೆ, ಕೂಟ ಐದು ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಒಂದು ದಿನ ಒಂದಾಣೆಯ ನಾಲ್ಕು ನಾಣ್ಯ ತಗೊಂಡು ಹೋದೆ. ನೋಡಿದ್ದೀರೋ ಇಲ್ಲವೋ, ಅದರ ಅಂಚು ಹೂವಿನ ದಳದ ಹಾಗೆ ಬಾಗಿ ಬಾಗಿ ಇರುತ್ತದೆ. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಹರಿಹರದ ಕಡೆಯ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಹೇಳಿದ ಕತೆಯನ್ನು ನಿಮಗೂ ಹೇಳಬೇಕು. ನಾನು ಏನು ಹೇಳಲು ಹೊರಟಿದ್ದೇನೋ ಅದೆಲ್ಲಾ ಇದರಲ್ಲಿದೆ.

1957ರ ಏಪ್ರಿಲ್ 1ರಂದು ಹೊಸ ಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ಆದರೆ ನೂರನ್ನು ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ, ಆರೂಕಾಲು ಬರುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಹಾಗಾಗಿ ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಅಂತ ಮಾಡಿದ್ದರು. ಹಳೆಯ ಆಣೆಯೂ ಹೊಸ ಪೈಸೆಯೂ ಕೆಲವು ವರ್ಷ ಒಟ್ಟಿಗೇ ಓಡಾಡಿದವು. ನಮ್ಮ ಹಿರಿಯರು ಆಗ ಹತ್ತು ಹನ್ನೊಂದರ ಹುಡುಗ. ಅವ್ವ ನಾಲ್ಕು ಒಂದಾಣೆ ಕೊಟ್ಟು ಬೆಲ್ಲ ತರಲು ಅಂಗಡಿಗೆ ಕಳಿಸಿದ್ದಾರೆ. ಬೆಲ್ಲಕ್ಕೆ ಇಪ್ಪತ್ತೈದು ಪೈಸೆ. ಅಂಗಡಿಯವರು ನಾಣ್ಯಗಳನ್ನು ಒಂದೊಂದಾಗಿ ಇಟ್ಟು ಎಣಿಸಿದರು. ಆರು, ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು. "ಒಂದು ಪೈಸೆ ಕಮ್ಮಿ ಐತಿ, ತಗಂಬಾ ಹೋಗು." ಹುಡುಗ ನಾಲ್ಕೂ ನಾಣ್ಯ ಎತ್ತಿಕೊಂಡು, ಮುಷ್ಟಿ ಕಟ್ಟಿ, ಆಮೇಲೆ ಮುಷ್ಟಿ ಬಿಚ್ಚಿ ನಾಲ್ಕನ್ನೂ ಒಟ್ಟಿಗೆ ಅವರ ಕೈಗೆ ಸುರಿದನಂತೆ.

"ಇವು ನಾಲ್ಕು ಒಂದಾಣೆ ಅಲ್ರಿ ಸಾವ್ಕಾರ್ರೆ, ಒಂದು ನಾಲ್ಕಾಣೆ."

ಕೂಟದಲ್ಲಿದ್ದ ಹದಿನೈದು ಜನವೂ ನಕ್ಕರು. ಒಬ್ಬರಂತೂ ಕಣ್ಣೊರೆಸಿಕೊಂಡು ನಕ್ಕರು. ಅಂದು ಅಜ್ಜಿಯನ್ನು ಕರೆತಂದಿದ್ದ ಎಂಟನೇ ಕ್ಲಾಸಿನ ಹುಡುಗನೂ ನಕ್ಕ. ಅವನು ಒಂದಾಣೆಯನ್ನು ಕಂಡವನೇ ಅಲ್ಲ. ಆದರೆ ಲೆಕ್ಕ ಅವನಿಗೆ ಗೊತ್ತು, ಅಂಗಡಿಯಲ್ಲಿ ಚಿಲ್ಲರೆಗೆ ವಾದ ಮಾಡುವುದೂ ಗೊತ್ತು.

ಈ ಕತೆ ಯಾಕೆ ಗೆದ್ದಿತು ಅಂತ ಬಿಡಿಸಿ ನೋಡಿ. ಕತೆಯಲ್ಲಿ ಜಾಣ ಯಾರು? ಕತೆ ಹೇಳಿದ ಹಿರಿಯರು. ಅವರು ಆ ಹುಡುಗನಾಗಿದ್ದಾಗ ಗೆದ್ದರು, ಈಗ ಹೇಳುವಾಗ ಮತ್ತೊಮ್ಮೆ ಗೆದ್ದರು. ನಗು ಅವರ ಮೇಲೆ ಬೀಳಲಿಲ್ಲ. ಅಂಗಡಿಯವರಿಗೂ ಅವಮಾನ ಆಗಲಿಲ್ಲ, ಅವರ ಎಣಿಕೆಯೂ ಸರಿಯಾಗಿಯೇ ಇತ್ತು. ಇನ್ನೊಂದು ಮಾತು. ಹೊಸಬರಿಗೆ ಬೇಕಾದ ವಿವರಣೆ ಕತೆ ಶುರುವಾಗುವ ಮೊದಲೇ ಮುಗಿದಿತ್ತು. ರೂಪಾಯಿಗೆ ಹದಿನಾರಾಣೆ, ನೂರು ಪೈಸೆ, ಸರಿಯಾಗಿ ಭಾಗ ಆಗುವುದಿಲ್ಲ. ಇಷ್ಟೇ. ನಿಮ್ಮ ತಮ್ಮಂದಿರಿಗೆ ಹೇಳಬೇಕಾದದ್ದನ್ನು ಹೀಗೆ ಮೊದಲೇ ಎರಡು ಮೂರು ಮಾತಿನಲ್ಲಿ ಹೇಳಿಬಿಡಿ. ಎಲ್ಲರೂ ನಕ್ಕ ಮೇಲೆ "ಅಂದರೆ ಆಗಿನ ಕಾಲದಲ್ಲಿ..." ಅಂತ ತಿರುಗಿ ಹೇಳಲು ಹೋಗಬೇಡಿ. ಅಲ್ಲಿಗೆ ಕತೆ ಸತ್ತುಹೋಗುತ್ತದೆ.

ಈ ಕತೆಯನ್ನೇ ಎತ್ತಿ ನಿಮ್ಮ ಅಜ್ಜನ ಹೆಸರಿಗೆ ಹಾಕಬೇಡಿ. ಅಲ್ಲಿ ಅವರ ಓರಗೆಯವರು ಕೂತಿರುತ್ತಾರೆ, ಸುಳ್ಳು ತಕ್ಷಣ ಗೊತ್ತಾಗುತ್ತದೆ. ನಿಮ್ಮಜ್ಜನಿಗೂ ಹೊಸ ಪೈಸೆ ಬಂದಾಗ ಹತ್ತು ಹನ್ನೊಂದೇ ವಯಸ್ಸು. ಅವರನ್ನು ಹೀಗೆ ಕೇಳಿ: "ಅಜ್ಜ, ಹೊಸ ಪೈಸೆ ಬಂದಾಗ ಅಂಗಡಿಯಲ್ಲಿ ಜಗಳ ಆಗ್ತಿತ್ತಂತಲ್ಲ, ನಿನಗೆ ಎಷ್ಟು ಮೋಸ ಆಯ್ತು?" ಕೊನೆಯ ಭಾಗ ಬಿಡಬೇಡಿ. "ನನಗೆ ಯಾರು ಮೋಸ ಮಾಡ್ತಾರೆ?" ಅಂತ ಅವರು ಎದೆ ಮುಂದೆ ಮಾಡಿ ಶುರು ಮಾಡುತ್ತಾರೆ. ನಿಮಗೆ ಬೇಕಾದದ್ದು ಆ ಶುರು.

ನಯಾಪೈಸೆಯಿಂದ ಇನ್ನೊಂದು ಉಪಯೋಗವಿದೆ. 1964ರಲ್ಲಿ ಸರ್ಕಾರ "ನಯಾ" ಅನ್ನುವುದನ್ನು ಬಿಟ್ಟು ಬರೀ ಪೈಸೆ ಅಂತ ಮಾಡಿತು. ಆದರೆ ನಿಮ್ಮ ತಮ್ಮಂದಿರು ಇವತ್ತಿಗೂ "ನನ್ನ ಹತ್ರ ನಯಾಪೈಸೆ ಇಲ್ಲ" ಅನ್ನುತ್ತಾರಲ್ಲ? ಏಳೇ ವರ್ಷ ಬಾಳಿದ ಹೆಸರು ಮೂರನೇ ತಲೆಮಾರಿನ ಬಾಯಲ್ಲಿ ಇನ್ನೂ ಇದೆ. ಎರಡೂ ತುದಿಯವರು ಬಳಸುವ ಇಂಥ ಮಾತುಗಳನ್ನು ಆರಿಸಿಕೊಳ್ಳಿ. "ಹದಿನಾರಾಣೆ ಸತ್ಯ" ಅನ್ನುವುದು ಇನ್ನೊಂದು. ಅಜ್ಜನಿಗೆ ಅದು ಕಿಸೆಯಲ್ಲಿದ್ದ ದುಡ್ಡು, ಹುಡುಗರಿಗೆ ಬರೀ ಮಾತು. "ನಯಾಪೈಸೆ ಇಲ್ಲ ಅಂತೀಯಲ್ಲ, ನಯಾಪೈಸೆ ನೋಡಿದವರು ಇಲ್ಲಿ ಯಾರಿದ್ದೀರಿ, ಕೈ ಎತ್ತಿ" ಅಂತ ಕೇಳಿ. ಬರೀ ಹಿರಿಯರ ಕೈಗಳೇ ಮೇಲೆ ಹೋಗುತ್ತವೆ. ಆ ಮನೆಯಲ್ಲಿ ಆ ಹೊತ್ತಿಗೆ ಗೊತ್ತಿದ್ದವರು ಅವರು, ಗೊತ್ತಿಲ್ಲದವರು ನಾವು. ಮೊಬೈಲ್ ಜೋಕಿನಲ್ಲಿ ಇದು ಉಲ್ಟಾ ಆಗಿತ್ತು. ಅದಕ್ಕೇ ನಿಮ್ಮಜ್ಜ ಮುಖ ನೋಡುತ್ತಾ ಕೂತರು.

ಈಗ ಅಜ್ಜಿ. ಎಲ್ಲರೂ ಇಲ್ಲೇ ತಪ್ಪುತ್ತಾರೆ. "ಅಜ್ಜ ಅಜ್ಜಿ" ಅಂತ ಒಂದೇ ಉಸಿರಿನಲ್ಲಿ ಹೇಳಿ ಇಬ್ಬರ ನೆನಪೂ ಒಂದೇ ಅಂದುಕೊಳ್ಳುತ್ತಾರೆ. ಹೊಸ ಪೈಸೆ ಬಂದಾಗ ನಿಮ್ಮಜ್ಜಿಗೆ ನಾಲ್ಕು ವರ್ಷ. ಅದರ ಜಗಳ ಅವರಿಗೆ ಗೊತ್ತಿರುವುದಿಲ್ಲ. ಮಿಲ್ಲು, ಪಾಳಿ, ಸೈರನ್ನು ಎಲ್ಲಾ ಅವರಿಗೆ ಮದುವೆಯಾಗಿ ಬಂದ ಮೇಲಿನದು. 1972ರ ಕೊನೆಗೆ ನಾಗರಹಾವು ಸಿನಿಮಾ ಬಂದಾಗ, ನಮ್ಮ ದುರ್ಗದ ಕೋಟೆಯಲ್ಲೇ ತೆಗೆದದ್ದು ಅಂತ ಈ ಭಾಗದ ಜನ ಮುಗಿಬಿದ್ದು ನೋಡಿದ್ದರು. ನಿಮ್ಮಜ್ಜನೂ ಗೆಳೆಯರ ಜೊತೆ ಹೋಗಿದ್ದಿರಬಹುದು. ಅಜ್ಜಿ? ಮದುವೆಯಾಗಿ ಒಂದೂವರೆ ವರ್ಷದ ಸೊಸೆ, ಅತ್ತೆ ಮನೆ. ಹೋಗಿದ್ದರೋ ಇಲ್ಲವೋ, ಯಾರು ಬಿಟ್ಟರು, ಯಾರು ಬಿಡಲಿಲ್ಲ, ಅದೇ ಒಂದು ಕತೆ. ಅದನ್ನು ಅಜ್ಜನ ಮುಂದೆ ಕೇಳಬೇಡಿ. ಅಜ್ಜಿ ಒಬ್ಬರೇ ಹೂ ಕಟ್ಟುತ್ತಲೋ ಅಕ್ಕಿ ಆರಿಸುತ್ತಲೋ ಕೂತಾಗ ಕೇಳಿ. ಕೈಗೆ ಕೆಲಸ ಇದ್ದಾಗ ಅವರ ಬಾಯಲ್ಲಿ ಮಾತು ಸುಲಭವಾಗಿ ಬರುತ್ತದೆ. "ಸಿನಿಮಾ ನೋಡಿದ್ರಾ?" ಅಂತ ಅಲ್ಲ. "ಯಾರ ಜೊತೆ ಹೋದ್ರಿ, ಮನೇಲಿ ಏನು ಹೇಳಿ ಹೋದ್ರಿ?" ಅಂತ ಕೇಳಿ.

ನಿಮ್ಮ ಅಜ್ಜಿಗಾಗಿ ಒಂದು ಜೋಕು ಮಾತ್ರ ನಾನೇ ಮಾಡಿಕೊಡುತ್ತೇನೆ, ಯಾಕೆಂದರೆ ನೀವು ಬರೆದ ಮೂರು ವಿವರದಲ್ಲೇ ಅದು ತಯಾರಾಗಿ ಕೂತಿತ್ತು. 1971ರಲ್ಲಿ ಅವರು ಚನ್ನಗಿರಿಯಿಂದ ದಾವಣಗೆರೆಗೆ ಬಂದಾಗ ಚನ್ನಗಿರಿ ಇದ್ದದ್ದು ಶಿವಮೊಗ್ಗ ಜಿಲ್ಲೆಯಲ್ಲಿ, ದಾವಣಗೆರೆ ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ರಾಜ್ಯದ ಹೆಸರು ಕೂಡ ಆಗ ಮೈಸೂರು. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾಯಿತು, ಚನ್ನಗಿರಿಯೂ ಅದರೊಳಗೆ ಬಂತು. ಈಗ ಹೀಗೆ ಹೇಳಿ: "ನಮ್ಮಜ್ಜಿ ಮದುವೆಯಾಗಿ ಬೇರೆ ಜಿಲ್ಲೆಗೆ ಬಂದರು. ತವರಿಗೆ ಕಳಿಸಿ ಅಂತ ಅಜ್ಜನನ್ನು ಇಪ್ಪತ್ತಾರು ವರ್ಷ ಕೇಳಿದರು. ಅಜ್ಜ ಮಿಲ್ಲಿಗೆ ರಜೆ ಇಲ್ಲ ಅಂದರು. ಕೊನೆಗೆ ಸರ್ಕಾರಕ್ಕೇ ತಡೆಯಲಿಕ್ಕಾಗದೆ ಅಜ್ಜಿಯ ತವರನ್ನೇ ಎತ್ತಿ ತಂದು ದಾವಣಗೆರೆ ಜಿಲ್ಲೆಗೆ ಸೇರಿಸಿತು."

ಅಜ್ಜಿಯ ಅಣ್ಣ ತಮ್ಮಂದಿರು ಅಲ್ಲಿ ಕೂತಿದ್ದರೆ ಅವರ ನಗುವೇ ಎಲ್ಲರಿಗಿಂತ ಜೋರಾಗಿರುತ್ತದೆ. ತವರಿನ ಆಸೆ ಅವರೆಲ್ಲರಿಗೂ ಗೊತ್ತಿರುವ ವಿಷಯ. ನಿಮ್ಮಪ್ಪನ ವಾರಿಗೆಯವರಿಗೆ ಜಿಲ್ಲೆಯಾದ ವರ್ಷ ನೆನಪಿದೆ. ಹುಡುಗರಿಗೆ ಜಿಲ್ಲೆ ಬದಲಾದದ್ದು ಹೊಸ ಸುದ್ದಿ. ಮೂರೂ ತಲೆಮಾರು ಒಂದೇ ಮಾತಿಗೆ ನಗುತ್ತವೆ, ಆದರೆ ಬೇರೆ ಬೇರೆ ಕಾರಣಕ್ಕೆ. ಆದರೂ ಒಂದು ಎಚ್ಚರ. ಅಜ್ಜ ನಿಜವಾಗಿಯೂ ತವರಿಗೆ ಕಳಿಸದೆ ಅಜ್ಜಿಯನ್ನು ಅಳಿಸಿದ್ದರೆ ಈ ಜೋಕು ಹೇಳಬೇಡಿ. ಮೊದಲೇ ಅಜ್ಜಿಗೆ ಒಬ್ಬರಿಗೇ ಹೇಳಿ ನೋಡಿ. ನಕ್ಕು "ಹೇಳೇ, ಹೇಳು, ಅವರಿಗೂ ಗೊತ್ತಾಗಲಿ" ಅಂದರೆ ಇಟ್ಟುಕೊಳ್ಳಿ. "ಅದೆಲ್ಲಾ ಈಗ್ಯಾಕೆ ಬಿಡು" ಅಂದರೆ ಬಿಡಿ.

ಈ ಪರೀಕ್ಷೆ ಎಷ್ಟು ಮುಖ್ಯ ಅನ್ನುವುದನ್ನು ನಾನು ನೋವಿನಿಂದ ಕಲಿತೆ. 1965–66ರಲ್ಲಿ ಮಳೆ ಕೈಕೊಟ್ಟು ದೇಶಕ್ಕೆ ಅಮೆರಿಕದ ಗೋಧಿ ಬರುತ್ತಿತ್ತು. ಮುದ್ದೆ, ರೊಟ್ಟಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಗೋಧಿ ಹಿಟ್ಟನ್ನು ಏನು ಮಾಡಬೇಕು ಅನ್ನುವುದೇ ಗೊತ್ತಿರಲಿಲ್ಲ ಅಂತ ಎಷ್ಟೋ ಜನ ನಗುತ್ತಾ ಹೇಳುತ್ತಾರೆ. ಒಬ್ಬರು ಮುದ್ದೆ ಕಟ್ಟಲು ಹೋದರಂತೆ, ಅದು ಕೋಲಿಗೆ ಅಂಟಿಕೊಂಡು ಬರಲೇ ಇಲ್ಲವಂತೆ. ನಾನು ಈ ಕತೆಯನ್ನು ಇನ್ನೊಂದು ಊರಿನ ಕೂಟದಲ್ಲಿ ನಗುತ್ತಲೇ ಹೇಳಿದೆ. ಎಲ್ಲರೂ ನಕ್ಕರು. ಚಳ್ಳಕೆರೆ ಕಡೆಯ ಒಬ್ಬ ಅಮ್ಮ ಮಾತ್ರ ಸೆರಗು ಬಾಯಿಗೆ ಇಟ್ಟುಕೊಂಡು ಎದ್ದು ಹೊರಗೆ ಹೋದರು. ಆ ಬರದಲ್ಲಿ ಅವರ ಮನೆಯಲ್ಲಿ ಆ ಗೋಧಿಯೂ ಇರಲಿಲ್ಲ. ತಂಗಿಯೊಬ್ಬಳು ಹೋಗಿಬಿಟ್ಟಿದ್ದಳು. ಅರವತ್ತು ವರ್ಷದ ಹಿಂದಿನದು, ಅದೇ ಹಿಟ್ಟು, ಅದೇ ವರ್ಷ. ಒಬ್ಬರಿಗೆ ನಗು, ಇನ್ನೊಬ್ಬರಿಗೆ ಸಾವು. ಅಂದಿನಿಂದ ಹಸಿವು, ಬರ, ಕಾಯಿಲೆ ಇರುವ ಯಾವ ಕತೆಯನ್ನೂ ಆ ಕತೆಯ ಯಜಮಾನರು ತಾವಾಗಿ ಹೇಳದಿದ್ದರೆ ನಾನು ಹೇಳುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ಹಾಗೆ ಎಚ್ಚರ ಬೇಕಾದ ಜಾಗ ಮಿಲ್ಲು. ಮಿಲ್ಲಿನೊಳಗಿನ ಬದುಕು ನಗುವಿನ ಗಣಿ. ಪಾಳಿ ಬದಲಾದಾಗ ನಿದ್ದೆ ಕೆಟ್ಟದ್ದು, ಟೀಗೆ ತಪ್ಪಿಸಿಕೊಂಡು ಹೋದದ್ದು, ಸೈರನ್ನಿಗೆ ಓಡಿದ್ದು. ಆದರೆ ದಾವಣಗೆರೆಯ ಮಿಲ್ಲುಗಳು ಮುಚ್ಚಿದ್ದು ಬೇರೆ ಮಾತು. ಆಗ ಸಂಬಳ ನಿಂತ ಮನೆಗಳು ಎಷ್ಟೋ. ನಿಮ್ಮ ಅಜ್ಜ ಮಿಲ್ಲು ಮುಚ್ಚುವ ಮೊದಲೇ ನಿವೃತ್ತರಾದರೋ, ಮುಚ್ಚಿದಾಗ ಹೊರಬಂದರೋ ಅನ್ನುವುದನ್ನು ಅಪ್ಪನಿಂದ ಮೊದಲೇ ತಿಳಿದುಕೊಳ್ಳಿ. ಎರಡನೆಯದಾದರೆ ಕೊನೆಯ ವರ್ಷಗಳ ಹತ್ತಿರ ಹೋಗಬೇಡಿ, ಸೇರಿದ ಹೊಸದರಲ್ಲೇ ನಿಲ್ಲಿ. ಕೇಳುವಾಗ ಅವರ ಕೈಗಳನ್ನು ನೋಡುತ್ತಿರಿ. ಖುಷಿಯ ಕತೆ ಹೇಳುವಾಗ ಮಗ್ಗದವರ ಕೈ ಸುಮ್ಮನಿರುವುದಿಲ್ಲ, ಗಾಳಿಯಲ್ಲೇ ನೂಲು ಎಳೆಯುತ್ತಿರುತ್ತದೆ. ಕೈ ತೊಡೆಯ ಮೇಲೆ ಬಂದು ನಿಂತರೆ, ಮಾತು ಬೇರೆ ಕಡೆ ತಿರುಗಿದರೆ, ಆ ಕತೆಯನ್ನು ಅಲ್ಲಿಗೇ ಬಿಟ್ಟುಬಿಡಿ.

ತಮ್ಮಂದಿರ ರೋಸ್ಟ್ ಬೇಡವೇ ಬೇಡ. ಅಜ್ಜನ ಮರೆವು, ಕಿವುಡು, ಹಲ್ಲು, ನಡಿಗೆ, ಇವೆಲ್ಲಾ ಅವರು ರಾತ್ರಿ ಮಲಗಿದಾಗ ಹೆದರುವ ವಿಷಯಗಳು. ಬೀಗರ ಮುಂದೆ, ಮಿಲ್ಲಿನ ಗೆಳೆಯರ ಮುಂದೆ ಅದನ್ನು ಎತ್ತಿದರೆ ಅವರು ನಕ್ಕಂತೆ ಮಾಡುತ್ತಾರೆ, ಮಾರನೇ ದಿನದಿಂದ ಮಾತು ಕಡಿಮೆ ಮಾಡುತ್ತಾರೆ. ನನ್ನ ಹತ್ತಿರ ಕಿವಿ ತೋರಿಸಲು ಬರುವವರಲ್ಲಿ ಇಂಥವರನ್ನು ನೋಡಿದ್ದೇನೆ. ತಮ್ಮಂದಿರಿಗೆ ಕೀಟಲೆ ಮಾಡಲೇಬೇಕು ಅಂದರೆ ಅಜ್ಜ ತಾವೇ ಹೆಮ್ಮೆಯಿಂದ ಹೇಳಿಕೊಳ್ಳುವ ಹಟದ ಮೇಲೆ ಮಾಡಲಿ. ಬೆಣ್ಣೆ ದೋಸೆಗೆ ಇಂಥದ್ದೇ ಹೋಟೆಲ್ ಆಗಬೇಕು, ಮಂಡಕ್ಕಿಗೆ ಇಂಥದ್ದೇ ಮಿರ್ಚಿ ಆಗಬೇಕು ಅಂತ ಹಟ ಮಾಡುತ್ತಾರಲ್ಲ, ಅದು. ಅದರ ಮೇಲೆ ಎಷ್ಟು ನಕ್ಕರೂ ಅವರು ಬೆಳೆಯುತ್ತಾರೆಯೇ ಹೊರತು ಕುಗ್ಗುವುದಿಲ್ಲ.

ಇನ್ನು ನನ್ನ ಕಸುಬಿನ ಮಾತು. ಯುಗಾದಿಯ ದಿನ ಜೋಕು ಅಜ್ಜನಿಗೆ ಅರ್ಥವಾಗಲಿಲ್ಲವೋ, ಕೇಳಿಸಲೇ ಇಲ್ಲವೋ? ನೀವು ಬರೆದದ್ದನ್ನು ನೋಡಿದರೆ ಎರಡನೆಯದೂ ಇದೆ ಅನ್ನಿಸುತ್ತದೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಸಣ್ಣ, ಚೂಪು ದನಿಗಳು. ಆ, ಈ, ಊ ಅನ್ನುವ ಸ್ವರಗಳು ಚೆನ್ನಾಗಿ ಕೇಳುತ್ತವೆ. ಸ, ಶ, ತ, ಪ, ಕ ಇವು ಕರಗಿಹೋಗುತ್ತವೆ. ಹಾಗಾಗಿ "ಮಾತಾಡೋದು ಕೇಳುತ್ತೆ, ಏನಂದ್ರು ಗೊತ್ತಾಗಲ್ಲ" ಅನ್ನುತ್ತಾರೆ. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಈ ತೊಂದರೆ ಇನ್ನೂ ಬೇಗ, ಇನ್ನೂ ಜಾಸ್ತಿ. ಆ ಸದ್ದು ಚೂಪು ದನಿ ಹಿಡಿಯುವ ಭಾಗವನ್ನೇ ಮೊದಲು ಕೆಡಿಸುತ್ತದೆ.

ಇದಕ್ಕೂ ಜೋಕಿಗೂ ನೇರ ಸಂಬಂಧ ಇದೆ. ನಮ್ಮ ಕಡೆ "ಸತಿ–ಪತಿ" ಅಂತ ಒಂದೇ ಅಕ್ಷರ ತಿರುಗಿಸಿ ನಗಿಸುವ ಚಾಳಿ ಇದೆಯಲ್ಲ, ಅದು ಅಜ್ಜನಿಗೆ ತಲುಪುವುದಿಲ್ಲ. ಅವರ ಕಿವಿಗೆ ಎರಡೂ "ಅ–ಇ" ಅಂತಲೇ ಬೀಳುತ್ತವೆ. ಪದದ ಆಟದ ಜೋಕುಗಳನ್ನೆಲ್ಲಾ ಪಕ್ಕಕ್ಕಿಡಿ. ನಡೆದ ಕತೆ ಆರಿಸಿ. ಕತೆಯಲ್ಲಿ ಒಂದೆರಡು ಮಾತು ಕೇಳಿಸದಿದ್ದರೂ ಉಳಿದದ್ದು ಅದನ್ನು ತುಂಬಿಕೊಡುತ್ತದೆ. ಅದೂ ತಮಗೆ ಗೊತ್ತಿರುವ ಕತೆಯಾದರೆ ಅರ್ಧ ಕೇಳಿಸಿದರೂ ಪೂರ್ತಿ ಗೊತ್ತಾಗುತ್ತದೆ. ಅಜ್ಜನದೇ ಕತೆಯನ್ನು ಅಜ್ಜನಿಗೆ ಹೇಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕೇಳಿಸಿತೋ ಇಲ್ಲವೋ ಅಂತ ಕಂಡುಹಿಡಿಯುವುದು ಸುಲಭ. ಎಲ್ಲರ ಜೊತೆ ನಕ್ಕರೆ ಕೇಳಿಸಿದೆ. ಮೊದಲು ಸುತ್ತ ಇರುವವರ ಮುಖ ನೋಡಿ, ಒಂದು ಕ್ಷಣ ತಡವಾಗಿ ನಕ್ಕರೆ ಕೇಳಿಸಿಲ್ಲ. ಹಾಗಾದಾಗ ಜೋರಾಗಿ ಕೂಗಬೇಡಿ. ಕೂಗಿದಾಗ ಸ್ವರಗಳು ದೊಡ್ಡವಾಗುತ್ತವೆ, ಚೂಪು ಅಕ್ಷರಗಳು ಅಷ್ಟಾಗಿ ಏರುವುದಿಲ್ಲ. ಮೂರು ನಾಲ್ಕು ಅಡಿ ದೂರದಲ್ಲಿ, ಅವರ ಎದುರಿಗೆ ನಿಂತು, ಸ್ವಲ್ಪ ನಿಧಾನವಾಗಿ ಹೇಳಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನಿನ ಹಿಂದೆ ಕಿಟಕಿ ಬೇಡ. ಆ ಹತ್ತು ನಿಮಿಷ ಫ್ಯಾನು, ಅಡುಗೆಮನೆಯ ಮಿಕ್ಸರ್, ಹಿಂದಿನ ಹಾಡು ಬಂದ್ ಮಾಡಿಸಿ. ಸ್ಪೀಕರ್ ಇದ್ದರೆ ಅವರ ಕಡೆಗೆ ತಿರುಗಿಸಿ.

ಇನ್ನೊಂದು ಸಂಗತಿ ನಮ್ಮ ಭಾಷೆಯದ್ದು. ಕನ್ನಡದಲ್ಲಿ ಮಾತಿನ ಜೀವ ವಾಕ್ಯದ ಕೊನೆಗೆ ಬರುತ್ತದೆ. "ಹೋದರು", "ಹೋಗಲಿಲ್ಲ" ಅನ್ನುವ ವ್ಯತ್ಯಾಸ ಗೊತ್ತಾಗುವುದೇ ಕೊನೆಯಲ್ಲಿ. ನಾವೆಲ್ಲಾ ವಾಕ್ಯದ ಕೊನೆಗೆ ದನಿ ಇಳಿಸುತ್ತೇವೆ. ನಗಿಸುವಾಗ ಇನ್ನೂ ಹೆಚ್ಚು, ಯಾಕೆಂದರೆ ನಮಗೇ ನಗು ಬಂದಿರುತ್ತದೆ. ಅರವತ್ತು ಜನಕ್ಕೂ ಕೇಳಿಸಿ ಅಜ್ಜನಿಗೆ ಮಾತ್ರ ಕೇಳಿಸದೆ ಉಳಿಯುವುದು ಆ ಕೊನೆಯ ಪದ. "ಒಂದು ನಾಲ್ಕಾಣೆ" ಅನ್ನುವುದನ್ನು ನುಂಗಿದರೆ ಇಡೀ ಕತೆ ಹೋಯಿತು. ಅಂಥ ಕೊನೆಯ ಮಾತು ಹೇಳುವ ಮುಂಚೆ ಒಂದು ಉಸಿರು ನಿಲ್ಲಿ, ಆಮೇಲೆ ಪೂರ್ತಿ ದನಿಯಲ್ಲಿ ಹೇಳಿ.

ಅದಕ್ಕಿಂತ ಒಳ್ಳೆಯದು, ಕೊನೆಯ ಮಾತನ್ನು ನೀವು ಹೇಳದಿರುವುದು. ನಿಮ್ಮಜ್ಜನ ಕತೆಯನ್ನು ಅಂಗಡಿಯವರ "ಒಂದು ಪೈಸೆ ಕಮ್ಮಿ ಐತಿ" ಅನ್ನುವಂಥ ಜಾಗದವರೆಗೆ ತಂದು ನಿಲ್ಲಿಸಿ, ಅಜ್ಜನ ಕಡೆ ತಿರುಗಿ "ಆಗ ನೀನೇನಂದೆ ಅಜ್ಜ?" ಅಂತ ಕೇಳಿ. ಮೈಕು ಅವರ ಹತ್ತಿರ ಹಿಡಿಯಿರಿ. ಕತೆ ಅವರದ್ದಾದರೆ ಮಾತು ತಾನೇ ಬರುತ್ತದೆ, ಅರವತ್ತು ವರ್ಷ ಅವರು ಅದನ್ನು ಹೇಳಿ ಹೇಳಿ ನಯ ಮಾಡಿರುತ್ತಾರೆ. ಒಂದು ವೇಳೆ ಮರೆತರೆ ಕಾಯುತ್ತಾ ನಿಲ್ಲಬೇಡಿ, "ಅಜ್ಜ ಆವತ್ತು ಹೇಳಿದ್ದು ಹೀಗೆ" ಅಂತ ಕೂಡಲೇ ನೀವೇ ಮುಗಿಸಿ. ಮರೆತದ್ದು ಯಾರಿಗೂ ಗೊತ್ತಾಗುವುದಿಲ್ಲ. ನಡುವೆ "ಏ, ಹಂಗಲ್ಲ ಅದು" ಅಂತ ಅವರೇ ತಿದ್ದಲು ಶುರು ಮಾಡಿದರೆ ನೀವು ಮೈಕು ಕೊಟ್ಟು ಪಕ್ಕಕ್ಕೆ ಕೂತುಬಿಡಿ.

ಹತ್ತು ನಿಮಿಷಕ್ಕೆ ಮೂರು ಕತೆ ಸಾಕು. ಅಜ್ಜನ ಹುಡುಗಾಟದ ಒಂದು, ಅಜ್ಜಿಯ ಜಿಲ್ಲೆಯದ್ದು, ಮಿಲ್ಲಿನದ್ದೊಂದು. ಅಜ್ಜಿಯದ್ದನ್ನು ನಡುವೆ ಇಡಿ, ಮಿಲ್ಲಿನದ್ದು ಕೊನೆಗೆ ಬರಲಿ. ಆ ಮಿಲ್ಲಿನ ಕತೆಗೆ ಮಾತೇ ಬೇಕಾಗದಿರಬಹುದು. ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಅಲ್ಲಿ ದುಡಿದ ಹಲವರು ನನ್ನ ಹತ್ತಿರ ಪರೀಕ್ಷೆಗೆ ಬಂದಾಗ, ಕೈಸನ್ನೆಯಲ್ಲೂ ತುಟಿ ನೋಡಿಯೂ ಮಾತಾಡಿಕೊಳ್ಳುತ್ತಿದ್ದೆವು ಅಂತ ಹೇಳಿದ್ದಾರೆ. "ಮೇಸ್ತ್ರಿ ಬಂದ", "ಟೀಗೆ ಹೋಗೋಣ", "ನೂಲು ಹರೀತು", ಎಲ್ಲಕ್ಕೂ ಒಂದೊಂದು ಸನ್ನೆ. ಅದರಲ್ಲಿ ಒಂದನ್ನು, "ಟೀಗೆ ಹೋಗೋಣ" ಅನ್ನುವುದನ್ನೇ, ಅಜ್ಜನಿಂದ ಕಲಿತುಕೊಳ್ಳಿ. ಯಾಕೆ ಅಂತ ಹೇಳಬೇಡಿ. ಕಾರ್ಯಕ್ರಮದ ದಿನ ಮಾತು ಮುಗಿಸುವ ಹೊತ್ತಿಗೆ ಮೈಕು ಕೆಳಗಿಟ್ಟು, ಅಜ್ಜನನ್ನೂ ಅಲ್ಲಿ ಕೂತಿರುವ ಅವರ ಮಿಲ್ಲಿನ ಗೆಳೆಯರನ್ನೂ ನೋಡಿ ಆ ಸನ್ನೆ ಮಾಡಿ. ಅದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗುವುದಿಲ್ಲ, "ಏನದು, ಏನದು?" ಅಂತ ತಮ್ಮಂದಿರು ಕೇಳುತ್ತಾರೆ. ಅದನ್ನು ಅಜ್ಜನೇ ಹೇಳಿಕೊಡಲಿ. ಅಷ್ಟರಲ್ಲಿ ಒಳಗಿನಿಂದ ಟೀ ಬಂದಿರುವಂತೆ ನೋಡಿಕೊಳ್ಳಿ.